ಮಧ್ಯಾಹ್ನದ ತಟ್ಟೆಯಲ್ಲಿ ಪ್ರೋಟೀನ್ ಎಷ್ಟಿದೆ?

ಕೇಳುಗರಿಗೆ ನಮಸ್ಕಾರ. ಅರವತ್ತು ದಾಟಿದವರೇ ಇವತ್ತು ಜಾಸ್ತಿ ಕೇಳುತ್ತಿದ್ದೀರಿ ಅಂದುಕೊಂಡು ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿಮ್ಮ ತೂಕ ಎಷ್ಟು ಕಿಲೋ? ಅದನ್ನು 0.4ರಿಂದ ಗುಣಿಸಿ. ಒಂದು ಊಟದಲ್ಲಿ ಅಷ್ಟು ಗ್ರಾಂ ಪ್ರೋಟೀನ್ ಇರಬೇಕು. ತೂಕ 55 ಕಿಲೋ ಆದರೆ 22 ಗ್ರಾಂ. ಇದು ಇಡೀ ದಿನದ ಲೆಕ್ಕ ಅಲ್ಲ, ಒಂದು ಊಟದ ಲೆಕ್ಕ. ಇದನ್ನು ಇನ್ನೂ ಎರಡು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಒಂದೊಂದು ಊಟಕ್ಕೂ ಯಾಕೆ ಲೆಕ್ಕ? ವಯಸ್ಸಾದ ಮೇಲೆ ಸ್ನಾಯುವಿಗೆ ಸ್ವಲ್ಪ ಪ್ರೋಟೀನ್ ಸಾಲುವುದಿಲ್ಲ. ಹರೆಯದವರ ಸ್ನಾಯು ಕಡಿಮೆ ಕೊಟ್ಟರೂ ಬೆಳೆಯುವ ಕೆಲಸ ಶುರುಮಾಡುತ್ತದೆ. ನಮ್ಮದಕ್ಕೆ ಒಂದೇ ಸಲಕ್ಕೆ ಜಾಸ್ತಿ ಬೇಕು. ಬೆಳಗ್ಗೆ ಐದು ಗ್ರಾಂ, ಮಧ್ಯಾಹ್ನ ಹತ್ತು ಗ್ರಾಂ ಅಂದರೆ ಅದು ಸರಿಯಾಗಿ ಎಚ್ಚರವಾಗುವುದೇ ಇಲ್ಲ. ಕೊಬ್ಬನ್ನು ಕೂಡಿಟ್ಟ ಹಾಗೆ ಪ್ರೋಟೀನ್ ಕೂಡಿಡಲು ದೇಹದಲ್ಲಿ ಜಾಗವಿಲ್ಲ. ಹಾಗಾಗಿ ಇವತ್ತು ತಿಂದು ನಾಳೆಗೆ ಉಳಿಸುವುದಕ್ಕೂ ಆಗುವುದಿಲ್ಲ.

ನಮ್ಮ ಬೀದಿಯಲ್ಲಿ ನಿವೃತ್ತ ಟೀಚರ್ ಒಬ್ಬರಿದ್ದಾರೆ. 68 ವರ್ಷ, 55 ಕಿಲೋ, ಶುದ್ಧ ಸಸ್ಯಾಹಾರಿ. ಕುರ್ಚಿಯಿಂದ ಏಳುವಾಗ ಎರಡೂ ಕೈ ಊರಬೇಕಿತ್ತು. "ಚೆನ್ನಾಗೇ ಊಟ ಮಾಡ್ತೀನಮ್ಮ, ಆದ್ರೂ ಕಾಲಲ್ಲಿ ಶಕ್ತಿ ಇಲ್ಲ" ಅಂದರು. "ನಾಳೆ ನಿಮ್ಮ ಮನೆಗೇ ಊಟಕ್ಕೆ ಬರ್ತೀನಿ ಟೀಚರ್" ಅಂದೆ. ಹೋದೆ. ಎಲ್ಲರಿಗೂ ಬಡಿಸಿದರು, ಕೊನೆಗೆ ತಾವು ಕೂತರು. ಮೊಮ್ಮಗನಿಗೆ ಸೌಟನ್ನು ಪಾತ್ರೆಯ ತಳದವರೆಗೆ ಇಳಿಸಿ ಗಟ್ಟಿ ಬೇಳೆ ಹಾಕಿದ್ದರು. ತಮಗೆ ಸೌಟನ್ನು ಮೇಲ್ಮೇಲೆ ಮಾತ್ರ ಆಡಿಸಿ, ಬರೀ ತಿಳಿ. ಅನ್ನ ಮಾತ್ರ ಎರಡು ಸಲ. ಒಂದಿಷ್ಟು ಬೀನ್ಸ್ ಪಲ್ಯ. ಆಮೇಲೆ ಮಜ್ಜಿಗೆ. ಅದರಲ್ಲಿ ಮೊಸರು ಒಂದು ಚಮಚ, ಉಳಿದದ್ದೆಲ್ಲ ನೀರು! ಹೊಟ್ಟೆ ತುಂಬಿತು, ತೇಗೂ ಬಂತು. ನಾನು ಅಲ್ಲೇ ಲೆಕ್ಕ ಹಾಕಿದೆ. ಅನ್ನದಿಂದ ಆರು ಗ್ರಾಂ, ತಿಳಿಸಾರಿನಿಂದ ಒಂದೆರಡು, ಪಲ್ಯದಿಂದ ಒಂದು, ಮಜ್ಜಿಗೆಯಿಂದ ಒಂದು. ಹತ್ತು ಗ್ರಾಂ ಅಂತಿಟ್ಟುಕೊಳ್ಳಿ. ಬೇಕಾದದ್ದು 22. ಬೇಳೆ ಮನೆಯಲ್ಲಿ ಬೇಯುತ್ತದೆ, ಬೇಯಿಸಿದವರ ತಟ್ಟೆಗೆ ಬರುವುದಿಲ್ಲ. ಇದನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತದೆ.

ಆ ಅಡುಗೆಮನೆಯಲ್ಲೇ ಊಟ ಬದಲಾಯಿಸಿದೆವು. ಪೌಡರ್ ಡಬ್ಬ ಏನೂ ತರಲಿಲ್ಲ. ಒಬ್ಬರ ಪಾಲಿನ ಲೆಕ್ಕ ಹೇಳುತ್ತೇನೆ, ಬೇಕಾದರೆ ಬರೆದುಕೊಳ್ಳಿ. ಅಕ್ಕಿ 40 ಗ್ರಾಂ, ಅಂದರೆ ಅನ್ನ ಒಂದೇ ಸಲ: ಮೂರು ಗ್ರಾಂ. ತೊಗರಿಬೇಳೆ 30 ಗ್ರಾಂ, ಬೇಯಿಸುವ ಮೊದಲಿನ ತೂಕ, ಅದರ ಗಟ್ಟಿ ಹುಳಿ: ಆರು ಗ್ರಾಂ. ಹೆಸರುಕಾಳು 30 ಗ್ರಾಂ, ಹಿಂದಿನ ರಾತ್ರಿ ನೆನೆಸಿ ಬೇಯಿಸಿ ಉಸಲಿ: ಏಳು ಗ್ರಾಂ. ಗಟ್ಟಿ ಮೊಸರು ಒಂದು ಬಟ್ಟಲು, 150 ಗ್ರಾಂ: ಐದು ಗ್ರಾಂ. ಹುಳಿ ಕಲಸಿದ ಅನ್ನಕ್ಕೆ ಶೇಂಗಾ ಚಟ್ನಿಪುಡಿ ಎರಡು ದೊಡ್ಡ ಚಮಚ: ಮೂರು ಗ್ರಾಂ. ಕೂಡಿಸಿ, 24 ಬಂತು. ಇದು ಒಂದೇ ಊಟಕ್ಕೆ, ನೆನಪಿದೆ ಅಲ್ವಾ?

ಟೀಚರ್ ತಕರಾರು ತೆಗೆದರು. "ಇಷ್ಟು ಕಾಳು ತಿಂದ್ರೆ ಹೊಟ್ಟೆ ಉಬ್ಬುತ್ತಲ್ಲಮ್ಮ?" ಮೊದಲ ವಾರ ಕಾಳನ್ನು ಅರ್ಧ ಹಾಕಿ. ನೆನೆಸಿದ ನೀರು ಚೆಲ್ಲಿ, ಚೆನ್ನಾಗಿ ಮೆತ್ತಗೆ ಬೇಯಿಸಿ, ಇಂಗು, ಶುಂಠಿ ಹಾಕಿ. ಆಗಲೂ ಒಗ್ಗದಿದ್ದರೆ, ಹಲ್ಲಿಗೂ ಕಷ್ಟವಾದರೆ, ಉಸಲಿ ಬಿಟ್ಟು 40 ಗ್ರಾಂ ಪನೀರ್ ಪುಡಿಮಾಡಿ ಪಲ್ಯಕ್ಕೆ ಹಾಕಿ, ಏಳು ಗ್ರಾಂ ಬಂದೇ ಬರುತ್ತದೆ. ಮೊಟ್ಟೆ ತಿನ್ನುವವರಿಗೆ ಇನ್ನೂ ಸುಲಭ, ಒಂದಕ್ಕೆ ಆರು ಗ್ರಾಂ. ಮೀನು, ಕೋಳಿ ತಿನ್ನುವವರಿಗೆ ನಾನು ಪಾಠ ಹೇಳಬೇಕಿಲ್ಲ. ಆದರೆ ಭಾನುವಾರ ಅರ್ಧ ಕಿಲೋ ತಿಂದು ಉಳಿದ ದಿನ ತಿಳಿಸಾರು ಅಂದರೆ ನಡೆಯುವುದಿಲ್ಲ. ಪ್ರತಿ ಊಟಕ್ಕೂ ಬೇಕು. ಇದು ಮೂರನೇ ಸಲ!

ಸಮಯ ಮುಗಿಯುತ್ತಾ ಬಂತು ಅಂತ ಸನ್ನೆ ಮಾಡುತ್ತಿದ್ದಾರೆ, ಉಳಿದದ್ದು ಬೇಗ ಬೇಗ ಹೇಳಿಬಿಡುತ್ತೇನೆ. ಬರೀ ತಿಂದು ಕೂತರೆ ಲಾಭ ಕಡಿಮೆ, ಸ್ನಾಯುವಿಗೆ ಕೆಲಸವೂ ಬೇಕು. ಕೈ ಎದೆಯ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂತು ನೋಡಿ, ಯಾರಾದರೂ ಪಕ್ಕದಲ್ಲಿರಲಿ. 15 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಕಾಲಿನ ಬಲ ಕುಗ್ಗಿದೆ ಅಂತ ತಿಳಿಯಿರಿ. ಅದನ್ನೇ ದಿನಾ ವ್ಯಾಯಾಮ ಮಾಡಿಕೊಳ್ಳಬಹುದು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಈ ಲೆಕ್ಕ ಹಾಕುವ ಮೊದಲು ನಿಮ್ಮ ಡಾಕ್ಟರನ್ನು ಕೇಳಲೇಬೇಕು.

ಮುದ್ದೆ ಊಟದವರೂ ಇದ್ದೀರಿ, ಮರೆತಿಲ್ಲ. 75 ಗ್ರಾಂ ಹಿಟ್ಟಿನ ಮುದ್ದೆಗೆ ಐದು ಗ್ರಾಂ ಪ್ರೋಟೀನ್ ಅಷ್ಟೇ. ಬಸ್ಸಾರು ಮಾಡಿದ ದಿನ ಬಸಿದ ಕಾಳಿನ ಪಲ್ಯವನ್ನೆಲ್ಲ ಮನೆಯವರಿಗೆ ಬಡಿಸಿ, ನೀವು ಬರೀ ಸಾರಿನಲ್ಲಿ ಮುದ್ದೆ ಮುಗಿಸಬೇಡಿ. ಪಲ್ಯವನ್ನು ಮೊದಲು ನಿಮ್ಮ ತಟ್ಟೆಗೆ ಹಾಕಿಕೊಳ್ಳಿ. ನಮಸ್ಕಾರ.