ಬರೀ ‘ಹೇ’ ಅಂದವರಿಗೆ

ಕೇಳುಗರಿಗೆ ನಮಸ್ಕಾರ. ಗದಗಿನಲ್ಲಿ ನಮ್ಮದು ಮೋಟರ್ ರಿವೈಂಡಿಂಗ್ ಅಂಗಡಿ. ಸುತ್ತಲಿನ ಹಳ್ಳಿಗಳ ರೈತರು ಈಗೀಗ ಮೊದಲು ವಾಟ್ಸಾಪಿನಲ್ಲಿ ಮಾತಾಡಿಸುತ್ತಾರೆ. ಎಷ್ಟೋ ಸಲ ಬರುವುದು ಒಂದೇ ಅಕ್ಷರ: ‘ಹೇ’. ಹೆಸರಿಲ್ಲ, ಊರಿಲ್ಲ.

ಮೊದಮೊದಲು ನಾನು ‘ಯಾರು?’ ಅಂತ ಕೇಳುತ್ತಿದ್ದೆ. ಕೇಳಿದ್ದರಲ್ಲಿ ತಪ್ಪೇನಿಲ್ಲ, ಆದರೆ ಓದಿದವರಿಗೆ ಗದರಿದ ಹಾಗೆ ಕೇಳಿಸುತ್ತದೆ. ಅರ್ಧ ಜನ ಮತ್ತೆ ಬರೆಯುತ್ತಲೇ ಇರಲಿಲ್ಲ. ಆಮೇಲೆ ಅಂಗಡಿಯ ವಿಳಾಸ, ವೇಳೆ, ನಾಲ್ಕು ಪ್ರಶ್ನೆ ಎಲ್ಲ ಸೇರಿಸಿ ಉದ್ದಕ್ಕೆ ಬರೆದು ನೋಡಿದೆ. ಹೊಲದ ಬದುವಿನ ಮೇಲೆ ಬಿಸಿಲಲ್ಲಿ ನಿಂತವರು ಅಷ್ಟು ಓದುವುದಿಲ್ಲ.

ಈಗ ನಾನು ಬರೆಯುವುದು ಇಷ್ಟೇ: ‘ನಮಸ್ಕಾರ್ರಿ. ಹೇಳ್ರಿ, ಏನಾಗೇತಿ?’

ಅವರ ಮಾತು ಚಿಕ್ಕದು, ನನ್ನದೂ ಚಿಕ್ಕದು. ಆದರೆ ಅದರಲ್ಲಿ ಒಂದು ‘ರಿ’ ಇದೆ. ನಮ್ಮ ಕಡೆ ಮರ್ಯಾದೆಯೆಲ್ಲ ಆ ‘ರಿ’ಯಲ್ಲೇ ಇರುತ್ತದೆ, ಅಲ್ವಾ? ಬರೀ ‘ಹೇಳು’ ಅಂದರೆ ಜಗಳಕ್ಕೆ ನಿಂತ ಹಾಗೆ. ಕೊನೆಯಲ್ಲಿ ಒಂದೇ ಪ್ರಶ್ನೆ, ಅದೂ ಎರಡು ಶಬ್ದದಲ್ಲಿ ಉತ್ತರಿಸುವಂಥದ್ದು.

ಹೋದ ಬೇಸಿಗೆಯಲ್ಲಿ ಒಂದು ದಿನ ಬೆಳಗಿನ ಜಾವ ಒಬ್ಬರು ‘ಹೇ’ ಅಂದರು. ನಾನು ನೋಡುವಷ್ಟರಲ್ಲಿ ಇನ್ನೊಂದು ‘ಹೇ’. ಎರಡಕ್ಕೂ ಸೇರಿಸಿ ಒಂದೇ ಸಲ ನಮಸ್ಕಾರ ಹೇಳಿದೆ. ತಡವಾಯಿತು ಅಂತ ಸಮಜಾಯಿಷಿ ಕೊಡುತ್ತ ಕೂರಲಿಲ್ಲ.

‘ಮೋಟರ್’ ಅಂತ ಬಂತು.

‘ಸಪ್ಪಳ ಬರ್ತೈತೇನ್ರಿ, ಪೂರ್ತಿ ಸುಮ್ಮನೈತೇನ್ರಿ?’

‘ಗುಂಯ್ ಅಂತೈತಿ. ತಿರಗವಲ್ದು.’

ಆಗ ವಿಷಯ ತಿಳಿಯಿತು. ಬಾವಿಯ ಮೇಲಿನ ತ್ರೀ ಫೇಸ್ ಮೋಟರ್. ಒಂದು ಫ್ಯೂಜ್ ಹೋಗಿ ಮೂರು ಫೇಸಿನಲ್ಲಿ ಒಂದು ಬರದೇ ಇದ್ದರೆ ಹೀಗೇ ಆಗುತ್ತದೆ. ತಿರುಗಲಾರದೆ ಗುಂಯ್‌ಗುಡುತ್ತದೆ, ಒಳಗೆ ಕಾಯುತ್ತದೆ. ಹಾಗೇ ಬಿಟ್ಟರೆ ಕೆಲವೇ ನಿಮಿಷದಲ್ಲಿ ವೈಂಡಿಂಗ್ ಸುಡುತ್ತದೆ. ‘ಮೊದಲು ಸ್ಟಾರ್ಟರ್ ಬಂದ್ ಮಾಡ್ರಿ. ನೀವು ಫ್ಯೂಜ್ ಮುಟ್ಟಬ್ಯಾಡ್ರಿ, ವೈರ್‌ಮನ್‌ನ ಕರೀರಿ’ ಅಂತ ಬರೆದೆ.

ಅವರಿಗೆ ಯಾಕಷ್ಟು ಅವಸರ ಅಂತ ಆಮೇಲೆ ಗೊತ್ತಾಯಿತು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ದಿನವಿಡೀ ಇರುವುದಿಲ್ಲ. ಇರುವ ಹೊತ್ತಿನಲ್ಲೇ ಮೆಣಸಿನಕಾಯಿ ಗಿಡಕ್ಕೆ ನೀರು ಹಾಯಬೇಕು. ಒಂದು ಕೈಯಲ್ಲಿ ಸಲಿಕೆ, ಇನ್ನೊಂದು ಕೈಗೆ ಕೆಸರು. ‘ಹೇ’ ಅಂದದ್ದು ಅಂಗಡಿಯಲ್ಲಿ ಯಾರಾದರೂ ಇದ್ದಾರೋ ಇಲ್ಲವೋ ಅಂತ ನೋಡೋಕೆ. ನಾನು ಅಲ್ಲಿ ಸಿಟ್ಟಾಗಿ ಹೆಸರು ಕೇಳುತ್ತ ಕೂತಿದ್ದರೆ ಅಷ್ಟರಲ್ಲಿ ತಂತಿ ಸುಟ್ಟಿರುತ್ತಿತ್ತು.

ಬೈಗುಳವೇ ಬಂದರೆ ಅದು ಬೇರೆ. ಆಗ ನಾನು ಮೋಟರಿನ ಮಾತಷ್ಟೇ ಆಡಿ ನಿಲ್ಲಿಸುತ್ತೇನೆ.

ಮಧ್ಯಾಹ್ನ ಅವರದೇ ಮೆಸೇಜ್: ‘ನೀರು ಬಿತ್ರಿ.’ ಕೊನೆಗೆ ‘ರಿ’ ಇತ್ತು. ಹದಿನೈದು ದಿನ ಬಿಟ್ಟು ಅದೇ ನಂಬರಿನಿಂದ ಮತ್ತೆ ‘ಹೇ’ ಬಂತು. ‘ನಮಸ್ಕಾರ್ರಿ. ಹೇಳ್ರಿ, ಈಗೇನಾಗೇತಿ?’ ಅಂದೆ.