ಮೌನವೇ ರಾಜೀನಾಮೆ ಆಗುವುದು ಯಾವಾಗ?

ಕೇಳುಗರಿಗೆ ನಮಸ್ಕಾರ.

ನೌಕರನೊಬ್ಬ ರಜೆ ಮುಗಿದರೂ ಕೆಲಸಕ್ಕೆ ಬರಲಿಲ್ಲ. ಫೋನ್ ಎತ್ತಲಿಲ್ಲ, ಕಾಗದ ಬರೆಯಲಿಲ್ಲ. ತಿಂಗಳುಗಳು ಕಳೆದವು. ಆಗ ಕಚೇರಿಯವರು ಸಾಮಾನ್ಯವಾಗಿ ಆಡುವ ಮಾತು, "ಅವನೇ ಬಿಟ್ಟು ಹೋದ, ನಾವೇನು ತೆಗೆದಿಲ್ಲವಲ್ಲ". ಕೆಲವರು ಅಷ್ಟಕ್ಕೇ ಹಾಜರಿ ಪುಸ್ತಕದಿಂದ ಹೆಸರು ಹೊಡೆದು ಹಾಕುತ್ತಾರೆ. ನಮ್ಮ ನ್ಯಾಯಾಲಯಗಳು ಅರವತ್ತು ವರ್ಷಗಳಿಂದ ತಡೆದು ವಿಚಾರಿಸುತ್ತಿರುವುದು ಇದೇ ಮಾತನ್ನು.

1960ರ ದಶಕದ ಎರಡು ಪ್ರಕರಣಗಳು ಇದರ ಬುಡದಲ್ಲಿವೆ. ಒಂದು ಮದರಾಸಿನ ಬಕಿಂಗ್‌ಹ್ಯಾಮ್ ಅಂಡ್ ಕರ್ನಾಟಿಕ್ ಗಿರಣಿಯದು. ಅಲ್ಲಿನ ಸ್ಥಾಯಿ ಆದೇಶದ, ಅಂದರೆ ಕಾರ್ಖಾನೆಯ ಸೇವಾ ಷರತ್ತುಗಳ ನಿಯಮಾವಳಿಯ ಪ್ರಕಾರ, ರಜೆಯಿಲ್ಲದೆ ಸತತ ಎಂಟು ಕೆಲಸದ ದಿನ ಗೈರಾದವನು ಕೆಲಸ ಬಿಟ್ಟಂತೆಯೇ. ಸೇವೆ ತೊರೆಯುವುದು ಸಾಮಾನ್ಯವಾಗಿ ಉದ್ದೇಶದ ಪ್ರಶ್ನೆ, ಆದರೆ ಸ್ಥಾಯಿ ಆದೇಶವೇ ಹೀಗೆ ಸ್ಪಷ್ಟವಾಗಿ ಹೇಳಿರುವಾಗ ಅದನ್ನು ಜಾರಿ ಮಾಡಬೇಕು ಎಂದಿತು ಸುಪ್ರೀಂ ಕೋರ್ಟ್. ಇನ್ನೊಂದು ರಾಜಸ್ಥಾನದ ಜೈಲಿನ ಒಬ್ಬ ಹೆಡ್ ವಾರ್ಡರನದು. ರಜೆ ಮುಗಿದು ಒಂದು ತಿಂಗಳು ಬರದಿದ್ದರೆ ಹುದ್ದೆ ಹೋಯಿತು ಎಂಬ ನಿಯಮ ಅಲ್ಲಿತ್ತು. ಇಲ್ಲಿ ಅದೇ ನ್ಯಾಯಾಲಯ ಬೇರೆ ದಾರಿ ಹಿಡಿಯಿತು. ಸರ್ಕಾರಿ ನೌಕರನನ್ನು ಹೀಗೆ ಹೊರಗಿಡುವುದೂ ವಜಾ ಮಾಡಿದ ಹಾಗೆಯೇ, ಆದ್ದರಿಂದ ಸಂವಿಧಾನದ 311ನೇ ವಿಧಿಯಂತೆ ಅವನಿಗೆ ಹೇಳಿಕೊಳ್ಳಲು ಅವಕಾಶ ಕೊಡಲೇಬೇಕು ಎಂದಿತು.

ಹೀಗಾಗಿ ಕಾರ್ಖಾನೆಗೊಂದು, ಸರ್ಕಾರಕ್ಕೊಂದು ನ್ಯಾಯ ಎಂಬಂತಾಗಿ ಬಹುಕಾಲ ನಡೆಯಿತು. ಅದನ್ನು ಅಲುಗಾಡಿಸಿದ್ದು 1993ರ ಜೆ.ಎಂ.ಎ. ಇಂಡಸ್ಟ್ರೀಸ್ ಪ್ರಕರಣ. ಎಂಟು ದಿನಕ್ಕಿಂತ ಹೆಚ್ಚು ಗೈರಾದ ಕಾರಣ ಕೆಲಸಗಾರನ ಸೇವೆ ತಾನಾಗಿ ಮುಗಿಯಿತು ಎಂದು ಆಡಳಿತ ಪತ್ರ ಕೊಟ್ಟಿತ್ತು. ಅವನು ಹೇಳಿದ್ದೇ ಬೇರೆ: ನಾನು ಬಂದಿದ್ದೆ, ನನ್ನನ್ನು ಗೇಟಿನಲ್ಲೇ ತಡೆದರು. ಈಗ ನೋಡಿ, ಹಾಜರಿ ಪುಸ್ತಕದಲ್ಲಿ ಇಬ್ಬರ ಕಥೆಯೂ ಒಂದೇ ಥರ ಕಾಣುತ್ತದೆ. ಮನೆಯಲ್ಲಿ ಕೂತವನಿಗೂ ಗೈರು ಎಂದೇ ಗುರುತು, ಗೇಟಿನ ಹೊರಗೆ ನಿಂತವನಿಗೂ ಅದೇ ಗುರುತು. ಕೇಳದೆ ತಿಳಿಯುವ ಬಗೆಯೇ ಇಲ್ಲ. ಸ್ಥಾಯಿ ಆದೇಶ ಇದ್ದರೂ, ತೆಗೆಯುವ ಮೊದಲು ಅವನ ಮಾತು ಕೇಳಬೇಕೆಂಬ ಸಹಜ ನ್ಯಾಯವನ್ನು ಬಿಡುವಂತಿಲ್ಲ ಎಂದು ಹೇಳಿ, ಅರ್ಧದಷ್ಟು ಹಿಂಬಾಕಿ ವೇತನದೊಂದಿಗೆ ನ್ಯಾಯಾಲಯ ಅವನನ್ನು ಮರಳಿ ಕೆಲಸಕ್ಕೆ ಸೇರಿಸಿತು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಓದಲೇಬೇಕಾದ ತೀರ್ಪು ಇದೊಂದೇ ಎಂದರೂ ಸರಿಯೆ.

ಹಾಗಾದರೆ ಮೌನಕ್ಕೆ ಬೆಲೆಯೇ ಇಲ್ಲವೇ? ಇದೆ. ಆದರೆ ಯಾವ ಮೌನಕ್ಕೆ ಎಂಬುದು ಮುಖ್ಯ. ನೋಟಿಸ್ ಬರುವ ಮುಂಚಿನ ಮೌನ ಬರಿಯ ಗೈರುಹಾಜರಿ, ಹೆಚ್ಚೆಂದರೆ ದುರ್ನಡತೆ. "ಬರುತ್ತೀಯೋ ಇಲ್ಲವೋ ಹೇಳು" ಎಂದು ಕೇಳಿದ ಮೇಲೂ ಉಳಿದ ಮೌನವನ್ನು ಉತ್ತರ ಎಂದು ಓದಬಹುದು. ಬ್ಯಾಂಕ್ ಆಡಳಿತಗಳೂ ನೌಕರ ಸಂಘಗಳೂ ಮಾಡಿಕೊಂಡ ದ್ವಿಪಕ್ಷೀಯ ಒಪ್ಪಂದದಲ್ಲಿ ಇದರ ಅಚ್ಚುಕಟ್ಟಾದ ನಮೂನೆ ಇತ್ತು. ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ.

ಒಬ್ಬ ಬ್ಯಾಂಕ್ ಗುಮಾಸ್ತನ ರಜೆ ಮಾರ್ಚ್ 31ಕ್ಕೆ ಮುಗಿಯಿತು. ಏಪ್ರಿಲ್ 1ರಿಂದ ಅವನ ಸುಳಿವಿಲ್ಲ. ಒಪ್ಪಂದದ ಪ್ರಕಾರ 90 ದಿನ ಸತತ ಗೈರಾಗಬೇಕು. ಅದು ಜೂನ್ 29ಕ್ಕೆ ತುಂಬಿತು. ಆ ದಿನ ಏನೂ ಆಗುವುದಿಲ್ಲ, ಗಮನಿಸಿ. ನೋಟಿಸ್ ಕೊಡುವ ಹಕ್ಕು ಬ್ಯಾಂಕಿಗೆ ಹುಟ್ಟುತ್ತದೆ, ಅಷ್ಟೆ. ಜುಲೈ 5ಕ್ಕೆ, ಅವನು ದಾಖಲೆಯಲ್ಲಿ ಕೊಟ್ಟಿರುವ ಕೊನೆಯ ವಿಳಾಸಕ್ಕೆ, 30 ದಿನದೊಳಗೆ ಹಾಜರಾಗು ಎಂಬ ನೋಟಿಸ್ ಹೋಗುತ್ತದೆ. ಆಗಸ್ಟ್ 4ರವರೆಗೂ ಅವನು ಬರಲಿಲ್ಲ, ಉತ್ತರವನ್ನೂ ಬರೆಯಲಿಲ್ಲ ಎಂದಾದರೆ ಸ್ವಯಂ ನಿವೃತ್ತಿ ಪಡೆದಂತೆ ಭಾವಿಸಬಹುದು. ಬೇರೆ ಇಲಾಖಾ ವಿಚಾರಣೆ ಬೇಡ. ಪಂಜಾಬ್ ಅಂಡ್ ಸಿಂಧ್ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿತು. ಕೇಳುವ ಕೆಲಸ ನೋಟಿಸಿನಲ್ಲೇ ಆಗಿಹೋಗಿದೆ ಎಂಬುದು ಅದರ ಹಿಂದಿನ ತರ್ಕ.

ಅದೇ ಗುಮಾಸ್ತ ಆಗಸ್ಟ್ 1ರಂದು ಒಂದು ಪುಟ ಬರೆದ ಎನ್ನೋಣ: ತಾಯಿಗೆ ಪಾರ್ಶ್ವವಾಯು, ಆಸ್ಪತ್ರೆಯ ಚೀಟಿಗಳು ಲಗತ್ತು, ನಾನು ಬೇರೆಲ್ಲೂ ಕೆಲಸಕ್ಕೆ ಸೇರಿಲ್ಲ, ಮರಳಿ ಬರುತ್ತೇನೆ. ಆ ವಿವರಣೆ ಒಪ್ಪಿಗೆಯಾದರೆ ತಾನಾಗಿ ನಿವೃತ್ತಿ ಎಂಬ ದಾರಿ ಮುಚ್ಚಿತು. ಮತ್ತೆ ಹಾಜರಾಗಲು ಅವನಿಗೆ ಇನ್ನೂ 30 ದಿನ ಸಿಗುತ್ತದೆ. ಗೈರಿಗಾಗಿ ಶಿಸ್ತು ಕ್ರಮ ಜರುಗಿಸುವ ಹಕ್ಕು ಬ್ಯಾಂಕಿಗೆ ಆಗಲೂ ಉಳಿದೇ ಇರುತ್ತದೆ. ಆದರೆ ಅದಕ್ಕೆ ದೋಷಾರೋಪ ಪಟ್ಟಿ, ಸಾಕ್ಷಿ, ವಿಚಾರಣೆ ಎಲ್ಲವೂ ಬೇಕು. ಗೈರುಹಾಜರಿ ಬೇಕೆಂದೇ ಮಾಡಿದ್ದು ಎಂದು ತೋರಿಸಬೇಕು. ಬರಲಾಗದ ಅನಿವಾರ್ಯ ಇದ್ದರೆ ಅದು ಉದ್ದೇಶಪೂರ್ವಕವಲ್ಲ ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನೋಟಿಸ್ ತೆಗೆದುಕೊಳ್ಳದಿದ್ದರೆ ಬಚಾವ್ ಎಂದು ಕೆಲವರು ನಂಬಿದ್ದಾರೆ. ಸಿಂಡಿಕೇಟ್ ಬ್ಯಾಂಕಿನ ಒಂದು ಪ್ರಕರಣದಲ್ಲಿ ರಿಜಿಸ್ಟರ್ಡ್ ಅಂಚೆ "ನಿರಾಕರಿಸಿದ್ದಾರೆ" ಎಂಬ ಷರಾದೊಂದಿಗೆ ಹಿಂದಿರುಗಿತ್ತು. ವಿಳಾಸ ಸರಿಯಿತ್ತು. ಮುಟ್ಟಿದಂತೆಯೇ ಲೆಕ್ಕ ಎಂದು 2000ದಲ್ಲಿ ತೀರ್ಪಾಯಿತು. ಮನೆ ಬದಲಿಸಿದವರು ಕಚೇರಿಗೆ ಹೊಸ ವಿಳಾಸ ಕೊಡದೇ ಇರುವುದೂ ಇಷ್ಟೇ ಅಪಾಯದ್ದು. ಅದೇ ರೀತಿ, ಮೇಲಧಿಕಾರಿಗೆ ಫೋನಿನಲ್ಲಿ "ಇನ್ನೆರಡು ವಾರ ಸಾರ್" ಎಂದದ್ದು ಕಡತದಲ್ಲಿ ಇರುವುದಿಲ್ಲ. ಆ ಅಧಿಕಾರಿ ವರ್ಗವಾಗಿ ಹೋದರಂತೂ ನೆನಪಿಸಿಕೊಳ್ಳುವವರೂ ಇರುವುದಿಲ್ಲ.

ಕೇಂದ್ರ ಸರ್ಕಾರದ ನೌಕರರ ಲೆಕ್ಕ ದೊಡ್ಡದು. 1972ರ ರಜೆ ನಿಯಮಗಳ 12ನೇ ನಿಯಮದಂತೆ, ರಜೆಯಿರಲಿ ಇಲ್ಲದಿರಲಿ, ಸತತ ಐದು ವರ್ಷಕ್ಕಿಂತ ಹೆಚ್ಚು ಕಾಲ ಕರ್ತವ್ಯದಿಂದ ದೂರ ಉಳಿದವರು ರಾಜೀನಾಮೆ ಕೊಟ್ಟಂತೆ. ವಿದೇಶಿ ಸೇವೆ, ಅಂದರೆ ನಿಯೋಜನೆಯ ಮೇಲೆ ಹೊರಸಂಸ್ಥೆಯಲ್ಲಿ ಇರುವುದು, ಇದಕ್ಕೆ ಸೇರದು. ಇಲ್ಲಿಯೂ ಆ ನಿಯಮ ಬಳಸುವ ಮೊದಲು ಕಾರಣ ಹೇಳಿಕೊಳ್ಳಲು ಅವಕಾಶ ಕೊಡಬೇಕೆಂದು ನಿಯಮದಲ್ಲೇ ಬರೆದಿದೆ. ಐದು ವರ್ಷ ಆಗುವವರೆಗೆ ಇಲಾಖೆ ಕೈಕಟ್ಟಿ ಕೂರಬೇಕಾಗಿಲ್ಲ. ರಜೆ ಮುಗಿದ ಮಾರನೆಯ ದಿನದಿಂದಲೇ ಸಂಬಳ ನಿಲ್ಲಿಸಬಹುದು, ಶಿಸ್ತು ಕ್ರಮ ಶುರು ಮಾಡಬಹುದು.

ಕೊನೆಗೆ ಕೈಗೆ ಬರುವ ಆದೇಶದಲ್ಲಿ ಏನೆಂದು ಬರೆದಿದೆ ಎಂಬುದನ್ನು ಎರಡು ಸಲ ಓದಿ. ರಾಜೀನಾಮೆ ಎಂದಿದ್ದರೆ, ಕೇಂದ್ರದ ಹಳೆಯ ಪಿಂಚಣಿ ವ್ಯವಸ್ಥೆಯವರಿಗೆ ಹಿಂದಿನ ಸೇವೆಯೆಲ್ಲ ಮುಟ್ಟುಗೋಲು. ಇಪ್ಪತ್ತು ವರ್ಷ ದುಡಿದಿದ್ದರೂ ಪಿಂಚಣಿ ಇಲ್ಲ. ಗ್ರಾಚ್ಯುಟಿ ಕಾನೂನಿನ ಲೆಕ್ಕ ಬೇರೆ. ಅದು ಅನ್ವಯಿಸುವ ಕಾರ್ಖಾನೆ, ಕಂಪನಿಗಳಲ್ಲಿ, ಗೈರಾದ ಅವಧಿಯನ್ನು ಸೇವೆಯ ಮುರಿತ ಎಂದು ಸೇವಾ ನಿಯಮದಂತೆ ಆದೇಶ ಹೊರಡಿಸಿದ್ದರೆ ಮಾತ್ರ ಗ್ರಾಚ್ಯುಟಿಗೆ ಬೇಕಾದ ಸೇವೆಯ ನಿರಂತರತೆ ತಪ್ಪುತ್ತದೆ. ಅಂಥ ಆದೇಶದ ಪ್ರತಿ ತೋರಿಸಿ ಎಂದು ಲಿಖಿತವಾಗಿ ಕೇಳಿ.

ನಮಸ್ಕಾರ.