ತರಬೇತಿ ಬಿಟ್ಟು ಹೊರಟರೆ ಬಾಂಡ್ ಹಣ ಪೂರ್ತಿ ಕಟ್ಟಬೇಕೆ?

[ಪರದೆಯ ಮೇಲೆ: ಮಾದರಿ ಆಫರ್ ಲೆಟರಿನ ಒಂದು ಪುಟ. ಒಂಬತ್ತನೆಯ ಷರತ್ತಿನ ಮೇಲೆ ಹಳದಿ ಗುರುತು.]

ನಿರೂಪಣೆ: ನಮಸ್ಕಾರ. ಈ ಪತ್ರ ನಾವೇ ಸಿದ್ಧಪಡಿಸಿದ ಮಾದರಿ. ಇದರ ಒಂಬತ್ತನೆಯ ಷರತ್ತು ಹೀಗಿದೆ: “ಮೂರು ತಿಂಗಳ ತರಬೇತಿ ಮುಗಿದ ಮೇಲೆ ಅಭ್ಯರ್ಥಿಯು 24 ತಿಂಗಳು ಸೇವೆ ಸಲ್ಲಿಸತಕ್ಕದ್ದು. ಯಾವುದೇ ಕಾರಣದಿಂದ ಅದಕ್ಕೆ ಮುಂಚೆ ಸೇವೆ ಕೊನೆಗೊಂಡಲ್ಲಿ 1,50,000 ರೂಪಾಯಿಗಳನ್ನು ಕಂಪನಿಗೆ ಪಾವತಿಸತಕ್ಕದ್ದು.”

ಎಲ್ಲರ ಕಣ್ಣೂ ಮೊದಲು ಹೋಗುವುದು ಒಂದೂವರೆ ಲಕ್ಷದ ಮೇಲೆ. ಆದರೆ ಇಲ್ಲಿ ಹೆಚ್ಚು ತೊಂದರೆ ಕೊಡುವುದು “ಯಾವುದೇ ಕಾರಣದಿಂದ” ಎಂಬ ಮಾತು. ಕಂಪನಿಯೇ ನಿಮ್ಮನ್ನು ತೆಗೆದುಹಾಕಿದರೂ ಹಣ ನೀವೇ ಕಟ್ಟಬೇಕು ಎಂದು ವಾದಿಸಲು ಅದು ಎಡೆಮಾಡಿಕೊಡುತ್ತದೆ. ಸಹಿ ಹಾಕುವ ಮುನ್ನ ಅದರ ಜಾಗದಲ್ಲಿ “ಅಭ್ಯರ್ಥಿಯು ತಾನಾಗಿ ರಾಜೀನಾಮೆ ನೀಡಿದಲ್ಲಿ” ಎಂದು ಬರೆಯಿಸಿಕೊಳ್ಳಿ. 24 ತಿಂಗಳ ಎಣಿಕೆ ತರಬೇತಿ ಮುಗಿದ ಮೇಲೆ ಶುರುವಾಗುತ್ತದೆ ಎಂಬುದನ್ನೂ ಗಮನಿಸಿ. ತರಬೇತಿಯನ್ನು ಮುಂದುವರಿಸಿದಷ್ಟೂ ಬಾಂಡ್ ಅವಧಿಯ ಕೊನೆಯೂ ಮುಂದಕ್ಕೆ ಹೋಗುತ್ತದೆ.

[ಪರದೆಯ ಮೇಲೆ: ಭಾರತೀಯ ಒಪ್ಪಂದ ಕಾಯ್ದೆ, 1872 – ಸೆಕ್ಷನ್ 74]

ನಿರೂಪಣೆ: ಈಗ ಮೊತ್ತದ ವಿಚಾರ. ಕರಾರು ಮುರಿದರೆ ಇಷ್ಟು ಹಣ ಕೊಡಬೇಕು ಎಂದು ಮೊದಲೇ ಬರೆದಿದ್ದಾಗ, ನ್ಯಾಯಾಲಯವು ಆ ಮೊತ್ತವನ್ನು ಮೀರದಂತೆ ಸಮಂಜಸವಾದ ಪರಿಹಾರವನ್ನು ಮಾತ್ರ ಕೊಡಿಸಬಹುದು ಎನ್ನುತ್ತದೆ ಸೆಕ್ಷನ್ 74. ಅಂದರೆ ಬಾಂಡಿನಲ್ಲಿ ನಮೂದಿಸಿದ ಮೊತ್ತ ಗರಿಷ್ಠ ಮಿತಿ. ಅದು ತಾನಾಗಿ ಸಾಲವಾಗಿಬಿಡುವುದಿಲ್ಲ.

ದೆಹಲಿ ಹೈಕೋರ್ಟ್ 2011ರಲ್ಲಿ ತೀರ್ಮಾನಿಸಿದ ಒಂದು ಪ್ರಕರಣದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಮೂರು ವರ್ಷಗಳ ಬಾಂಡ್, ಅದರಲ್ಲಿ ಬರೆದಿದ್ದ ಮೊತ್ತ 2 ಲಕ್ಷ ರೂಪಾಯಿ. ನೌಕರ ಎರಡು ವರ್ಷ ದುಡಿದು ಹೊರಟಿದ್ದ. ತರಬೇತಿಗೆ ಕಂಪನಿ ಖರ್ಚು ಮಾಡಿದ್ದು ಸುಮಾರು 67,600 ರೂಪಾಯಿ. ಬಾಕಿ ಉಳಿದಿದ್ದು ಅವಧಿಯ ಮೂರನೆಯ ಒಂದು ಭಾಗವಾದ್ದರಿಂದ, ಖರ್ಚಿನ ಮೂರನೆಯ ಒಂದು ಭಾಗವನ್ನು, ಅಂದರೆ ಸುಮಾರು 22,500 ರೂಪಾಯಿಗಳನ್ನು ಮಾತ್ರ ಕೆಳ ನ್ಯಾಯಾಲಯ ಕೊಡಿಸಿತ್ತು. ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು.

ಇದೇ ಲೆಕ್ಕವನ್ನು ನಮ್ಮ ಮಾದರಿ ಪತ್ರಕ್ಕೆ ಹಾಕೋಣ. ಅಭ್ಯರ್ಥಿ 18 ತಿಂಗಳು ಕೆಲಸ ಮಾಡಿ ಬಿಟ್ಟರೆಂದೂ, ಬೋಧಕರ ಶುಲ್ಕ, ಪರೀಕ್ಷಾ ಶುಲ್ಕ ಎಲ್ಲ ಸೇರಿ 40,000 ರೂಪಾಯಿ ಖರ್ಚಿಗೆ ಕಂಪನಿಯ ಬಳಿ ದಾಖಲೆ ಇದೆಯೆಂದೂ ಇಟ್ಟುಕೊಳ್ಳಿ. ಬಾಕಿ ಆರು ತಿಂಗಳು, ಅಂದರೆ ಕಾಲು ಭಾಗ. ಹೀಗಾಗಿ ಕೊಡಬೇಕಾದದ್ದು 10,000 ರೂಪಾಯಿಯ ಆಸುಪಾಸು. ತರಬೇತಿ ಮುಗಿದ ಮರುದಿನವೇ ಬಿಟ್ಟವರಿಗೆ ಈ ಕಡಿತ ಸಿಗುವುದಿಲ್ಲ. ಇನ್ನು, ತರಬೇತಿ ಎಂಬ ಹೆಸರಿನಲ್ಲಿ ಗ್ರಾಹಕರ ಪ್ರಾಜೆಕ್ಟಿನಲ್ಲೇ ದುಡಿಸಿಕೊಂಡು, ಆಗ ಕೊಟ್ಟ ಸ್ಟೈಪೆಂಡನ್ನೂ ತರಬೇತಿ ವೆಚ್ಚಕ್ಕೆ ಸೇರಿಸುವ ಕಂಪನಿಗಳಿವೆ. ನನ್ನ ದೃಷ್ಟಿಯಲ್ಲಿ ಅದು ಕೆಲಸಕ್ಕೆ ಕೊಟ್ಟ ಕೂಲಿ, ಹಾಗೆಂದೇ ವಾದಿಸಬೇಕು.

[ಪರದೆಯ ಮೇಲೆ: ಸುಪ್ರೀಂ ಕೋರ್ಟ್, ಮೇ 2025]

ನಿರೂಪಣೆ: ಹಾಗೆಂದು ಬಾಂಡ್ ಎಂದರೆ ಬರೀ ಕಾಗದ ಎಂದು ತಳ್ಳಿಹಾಕುವಂತಿಲ್ಲ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿದ್ದ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮೊದಲೇ ಬೇರೆ ಬ್ಯಾಂಕಿಗೆ ಹೋಗಲು ರಾಜೀನಾಮೆ ನೀಡಿ, ಬಾಂಡಿನ 2 ಲಕ್ಷವನ್ನು ಆಕ್ಷೇಪಣೆಯೊಂದಿಗೆ ಕಟ್ಟಿದ್ದರು. ಕರ್ನಾಟಕ ಹೈಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿ ಷರತ್ತನ್ನು ಎತ್ತಿಹಿಡಿಯಿತು. ಸಾರ್ವಜನಿಕ ವಲಯದ ಬ್ಯಾಂಕು ಜಾಹೀರಾತು ಕೊಟ್ಟು, ಮುಕ್ತ ಸ್ಪರ್ಧೆ ನಡೆಸಿಯೇ ಹುದ್ದೆ ತುಂಬಬೇಕು ಎಂಬುದನ್ನೂ, ಹಿರಿಯ ಹುದ್ದೆಯ ಸಂಬಳಕ್ಕೆ ಆ ಮೊತ್ತ ಅತಿಯಾಗಿಲ್ಲ ಎಂಬುದನ್ನೂ ಅದು ಪರಿಗಣಿಸಿತು. ತಿಂಗಳಿಗೆ 12,000 ರೂಪಾಯಿ ಪಡೆಯುವ ಇಂಟರ್ನ್‌ಗೆ ಆ ತರ್ಕವನ್ನು ಹಾಗೆಯೇ ಅನ್ವಯಿಸಲಾಗದು. ಆದರೆ ಕಂಪನಿಯ ವಕೀಲರು ಕಳಿಸುವ ನೋಟಿಸಿನಲ್ಲಿ ಈ ತೀರ್ಪಿನ ಹೆಸರು ಬಂದರೆ ಆಶ್ಚರ್ಯಪಡಬೇಡಿ.

[ಪರದೆಯ ಮೇಲೆ: ದಿನಾಂಕವಿಲ್ಲದ ಚೆಕ್]

ನಿರೂಪಣೆ: ಇನ್ನೊಂದು ಅಪಾಯ, ಭದ್ರತೆಗೆಂದು ಕಂಪನಿ ಕೇಳುವ ಸಹಿ ಮಾಡಿದ ಚೆಕ್. ಬಾಂಡ್ ಹಣಕ್ಕಾಗಿ ಕಂಪನಿ ಸಿವಿಲ್ ದಾವೆ ಹೂಡಬೇಕು, ನಷ್ಟವನ್ನು ತೋರಿಸಬೇಕು. ಆದರೆ ನಿಮ್ಮ ಚೆಕ್ ಬೌನ್ಸ್ ಆದರೆ ಪ್ರಕರಣ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138ರಡಿ ಕ್ರಿಮಿನಲ್ ರೂಪ ಪಡೆಯಬಹುದು. ಅಲ್ಲಿ ಹಣ ಬಾಕಿ ಇದೆ ಎಂದೇ ಮೊದಲು ಭಾವಿಸಲಾಗುತ್ತದೆ. ಇಲ್ಲವೆಂದು ತೋರಿಸುವ ಹೊಣೆ ಚೆಕ್ ಕೊಟ್ಟವರ ಮೇಲೆ ಬೀಳುತ್ತದೆ. ಆದ್ದರಿಂದ ಖಾಲಿ ಚೆಕ್ಕನ್ನೂ ಮೂಲ ಅಂಕಪಟ್ಟಿಯನ್ನೂ ಕೊಡಬೇಡಿ. ಪರಿಶೀಲನೆಗೆಂದು ಅಂಕಪಟ್ಟಿ ಕೇಳಿದರೆ ತೋರಿಸಿ, ಅಲ್ಲೇ ವಾಪಸ್ ಪಡೆಯಿರಿ. ಈಗಾಗಲೇ ಚೆಕ್ ಕೊಟ್ಟಿದ್ದರೆ, ಅದರ ಸಂಖ್ಯೆ ನಮೂದಿಸಿ, ಅದು ಬಾಂಡಿನ ಭದ್ರತೆಗಷ್ಟೇ ಕೊಟ್ಟದ್ದು ಎಂದು ಎಚ್‌ಆರ್‌ಗೆ ಇಮೇಲ್ ಕಳಿಸಿ. ಅದೇ ಇಮೇಲಿನಲ್ಲಿ ನಿಮ್ಮ ತರಬೇತಿಗೆ ಆದ ಖರ್ಚಿನ ವಿವರವನ್ನೂ ಕೇಳಿ.